ಸ್ಟೇಟಸ್ಸಿಗೆ ಹಾಕದ ಫೋಟೊ

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಇದ್ದಾಗ ಓದಿ.

ಕಳೆದ ತಿಂಗಳು ಒಂದು ಭಾನುವಾರ ನಮ್ಮವರೇ ಒಬ್ಬರ ಮನೆಗೆ ಪಂಚಾಯ್ತಿಗೆ ಹೋಗಿದ್ದೆ. ಹುಡುಗ ನಮ್ಮ ಕೇರಿಯವನು, ಹುಡುಗಿ ಮೇಲ್ಜಾತಿ ಅಂತ ಕರೆಸಿಕೊಳ್ಳೋ ಜಾತಿಯವಳು. ಒಂದೂವರೆ ವರ್ಷದ ಹಿಂದೆ ಅವರ ಮದುವೆಗೆ ಸಾಕ್ಷಿ ಸಹಿ ಹಾಕಿದ ಮೂವರಲ್ಲಿ ನಾನೂ ಒಬ್ಬ. ಅವರಿಬ್ಬರನ್ನೂ ಕೇಳಿ, ಒಪ್ಪಿಗೆ ತಗೊಂಡೇ ಇದನ್ನು ಬರೀತಿದ್ದೀನಿ. ಹೆಸರು, ಊರು ಬೇಡ ಅಂದಿದ್ದಾರೆ. ಗುರುತು ಸಿಗೋ ಒಂದೆರಡು ವಿವರಗಳನ್ನು ನಾನೇ ಬದಲಾಯಿಸಿದ್ದೀನಿ.

ಜಗಳ ಯಾಕೆ ಅಂದ್ರೆ, ಒಂದು ಫೋಟೊಗೆ. ಮದುವೆಯಾಗಿ ವರ್ಷ ತುಂಬಿದ ದಿನ ಹುಡುಗಿ ಮದುವೆ ಫೋಟೊಗಳನ್ನೆಲ್ಲ ಜೋಡಿಸಿ, ಹಿಂದೆ ಹಾಡು ಹಾಕಿ ಒಂದು ರೀಲ್ ಮಾಡಿದ್ದಾಳೆ. ಹುಡುಗ ಅದನ್ನು ಶೇರ್ ಮಾಡಿಲ್ಲ. ಒಂದು ಸ್ಟೇಟಸ್ ಕೂಡ ಹಾಕಿಲ್ಲ. ಅವಳು ಮೂರು ದಿನ ಮಾತು ಬಿಟ್ಟಳು. ಆಮೇಲೆ ಆಡಿದ ಮಾತು ಎಲ್ಲೆಲ್ಲಿಗೋ ಹೋಯ್ತು. “ನಿನಗೆ ನನ್ನ ಹೆಂಡತಿ ಅಂತ ತೋರಿಸಿಕೊಳ್ಳೋಕೆ ನಾಚಿಕೆ” ಅಂದಿದ್ದಾಳೆ. “ನಿನಗೆ ಲೈಕ್ಸ್ ಬೇಕು, ನಾನು ಬೇಕಾಗಿಲ್ಲ” ಅಂದಿದ್ದಾನೆ. ಆರು ತಿಂಗಳು ಇದೇ ಗಾಯವನ್ನು ಕೆರೆದೂ ಕೆರೆದೂ ದೊಡ್ಡದು ಮಾಡಿಕೊಂಡಿದ್ದಾರೆ. ಕೊನೆಗೆ ಹುಡುಗಿ ನನ್ನ ಹೆಂಡತಿಗೆ ಫೋನ್ ಮಾಡಿ, “ಅಕ್ಕ, ನಾನು ತಪ್ಪು ಮಾಡಿದ್ನಾ?” ಅಂತ ಅತ್ತಿದ್ದಾಳೆ.

ಇದನ್ನು ಕೇಳಿದ ನಮ್ಮ ಒಬ್ಬ ಗೆಳೆಯರು, “ಈಗಿನ ಹುಡುಗ್ರಿಗೆ ಮೊಬೈಲೇ ಪ್ರಪಂಚ, ಬಿಡಿ” ಅಂದರು. ನಾನೂ ಹಂಗೇ ಅಂದುಕೊಂಡು ಹೋದೆ. ಹೋದ ಕೂಡಲೇ ಹುಡುಗಿಯನ್ನು ಬೇರೆ ಕೂರಿಸಿ ನನ್ನ ಹೆಂಡತಿ ಮೊದಲು ಕೇಳಿದ್ದು, ಕೈ ಮಾಡ್ತಾನಾ, ಫೋನ್ ಕಿತ್ಕೋತಾನಾ, ಸಂಬಳ ಕಿತ್ಕೋತಾನಾ ಅಂತ. ಇದನ್ನು ಕೇಳದೆ ಯಾವ ರಾಜಿ ಮಾತನ್ನೂ ಆಡಬಾರದು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ರೂ ನಾನು ಈ ಬರಹ ಬರೀತಿರಲಿಲ್ಲ. 181ಕ್ಕೆ ಫೋನ್ ಮಾಡಿಸಿ, ಅವಳನ್ನು ಕರ್ಕೊಂಡು ಬರ್ತಿದ್ದೆವು. ನಮ್ಮ ಹುಡುಗ ಅಂತ ರಿಯಾಯಿತಿ ಇಲ್ಲ. ಅವಳು ಮೂರಕ್ಕೂ ಇಲ್ಲ ಅಂದಳು. ಆಮೇಲೆ ಹುಡುಗನನ್ನು ಕರ್ಕೊಂಡು ಟೀ ಅಂಗಡಿಗೆ ಹೋದೆ.

“ಯಾಕಪ್ಪ ಒಂದು ಫೋಟೊ ಹಾಕೋಕೆ ಏನು ಕಷ್ಟ?”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. “ಅಣ್ಣ, ಓನರ್ ಮಗನ ಹತ್ರ ನನ್ನ ನಂಬರ್ ಇದೆ. ಬಾಡಿಗೆ ಅವನಿಗೇ ಫೋನ್‌ಪೇ ಮಾಡೋದು. ಸ್ಟೇಟಸ್ ಎಲ್ಲ ನೋಡ್ತಾನೆ.”

ನನಗೆ ಆಗ ಅರ್ಥವಾಯ್ತು. ಮನೆ ನೋಡೋಕೆ ಹೋದಾಗ ಓನರ್ ಹೆಂಗಸು ಕೇಳಿದ್ದು “ನೀವು ಯಾವ ಕಡೆಯವರು, ಯಾವ ಪೈಕಿ?” ಅಂತ. ಹುಡುಗಿ ತನ್ನ ಊರು, ತನ್ನ ಜಾತಿ ಹೇಳಿದ್ದಾಳೆ. ಹುಡುಗ ತಲೆ ಅಲ್ಲಾಡಿಸಿದ್ದಾನೆ. ಮನೆ ಸಿಕ್ತು. ಮದುವೆ ಫೋಟೊಗಳಲ್ಲಿ ಏನಿದೆ ಹೇಳಿ? ಹುಡುಗನ ಹೆಗಲ ಮೇಲೆ ನೀಲಿ ಶಾಲು. ಹಿಂದೆ ಬಾಬಾಸಾಹೇಬರ ಫೋಟೊ. ಪಕ್ಕದಲ್ಲಿ ನಾನು, ಎದೆ ಮೇಲೆ ಬ್ಯಾಡ್ಜು. ಆ ಫೋಟೊ ಸ್ಟೇಟಸ್ಸಿಗೆ ಹೋದ್ರೆ ಮಾರನೇ ದಿನ ಓನರ್ ಮನೆಯಿಂದ “ನಮ್ಮ ನೆಂಟರು ಬರ್ತಾರೆ, ಮನೆ ಖಾಲಿ ಮಾಡಿ” ಅನ್ನೋ ಮಾತು ಬರುತ್ತೆ. ಅರವತ್ತು ಸಾವಿರ ಅಡ್ವಾನ್ಸ್ ಅಲ್ಲಿದೆ.

“ಇದನ್ನ ಅವಳಿಗೆ ಹೇಳೋದಲ್ವೇನೋ?”

“ಹೆಂಗಣ್ಣ ಹೇಳೋದು, ನಂಗೆ ಭಯ ಅಂತ?”

ಆ ಮಾತು ಕೇಳಿದಾಗಿನಿಂದ ನಾನು ನಮ್ಮ ಸಿನಿಮಾಗಳ ಬಗ್ಗೆ ಯೋಚನೆ ಮಾಡ್ತಿದ್ದೀನಿ. ಸಿನಿಮಾ ನೋಡಿ ಹುಡುಗ್ರು ಕೆಡ್ತಾರೆ ಅನ್ನೋ ಹಳೇ ಮೇಷ್ಟ್ರ ಮಾತಲ್ಲ ಇದು. ನಾನೂ ಸಿನಿಮಾ ಹುಚ್ಚಿನವನೇ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯನ್ನು ಟಾಕೀಸಲ್ಲಿ ನಾಲ್ಕು ಸಲ ನೋಡಿದ್ದೀನಿ, ಜೋಗದ ಹಾಡಿಗೆ ಶಿಳ್ಳೆ ಹೊಡೆದಿದ್ದೀನಿ. ಆದರೆ ಆ ಪ್ರೀತಮ್ ಅನ್ನೋ ಹುಡುಗನನ್ನು ಈಗ ಕೂತು ನೆನೆಸಿಕೊಳ್ಳಿ. ಮದುವೆ ಗೊತ್ತಾಗಿರೋ ಹುಡುಗಿಯ ಹಿಂದೆ ಅವಳ ಮನೆಯಲ್ಲೇ ಇದ್ದುಕೊಂಡು ಬೀಳ್ತಾನೆ, ಬೇಡ ಅಂದ್ರೂ ಬಿಡಲ್ಲ, ಮಾತಲ್ಲೇ ಎಲ್ಲರನ್ನೂ ಗೆಲ್ತಾನೆ, ಕೊನೆಗೆ ತಾನೇ ತ್ಯಾಗ ಮಾಡಿ ದೊಡ್ಡವನಾಗ್ತಾನೆ. ಅವನಿಗೆ ಬಾಡಿಗೆ ಮನೆ ಹುಡುಕೋ ಕೆಲಸವಿಲ್ಲ. ಅವನನ್ನು ಯಾರೂ “ಯಾವ ಪೈಕಿ?” ಅಂತ ಕೇಳಲ್ಲ. ಯಾಕೆ ಕೇಳಲ್ಲ ಅಂದ್ರೆ ನಮ್ಮ ಪ್ರೇಮದ ಸಿನಿಮಾಗಳ ಬಹುಪಾಲು ಹೀರೋಗಳಿಗೆ ಜಾತಿಯೇ ಇಲ್ಲ. ಜಾತಿ ಇಲ್ಲದವನಿಗೆ ಭಯವೂ ಇರಬೇಕಾಗಿಲ್ಲ. ನಮ್ಮ ಹುಡುಗ ಅದೇ ಹೀರೋನ ಅಂಗಿ ತೊಟ್ಟುಕೊಂಡಿದ್ದಾನೆ, ಆದರೆ ಒಳಗಿನ ಮೈ ಅವನದು ಬೇರೆ.

ಪ್ರೀತಿಸೋ ಗಂಡಸು ಹೆದರಲ್ಲ ಅಂತ ಸಿನಿಮಾ ಇಬ್ಬರಿಗೂ ಕಲಿಸಿದೆ. ಹಂಗಾಗಿ ಅವನು ಭಯ ಬಚ್ಚಿಟ್ಟ, ಅವಳು ಆ ಬಚ್ಚಿಟ್ಟದ್ದನ್ನು ನಾಚಿಕೆ ಅಂತ ಓದಿಕೊಂಡಳು. ಇಬ್ಬರೂ ಒಳ್ಳೆಯವರೇ, ತಪ್ಪು ಓದಿದ್ದು ಅಷ್ಟೇ. ಮನೆ ಹಿಡಿಯುವಾಗ ಜಾತಿ ಮುಚ್ಚಿಟ್ಟದ್ದು ಅವಳಿಗೂ ಗೊತ್ತಿತ್ತು. ಆದರೆ ಅದಕ್ಕೂ ಫೋಟೊಗೂ ಸಂಬಂಧ ಇದೆ ಅಂತ ಅವಳಿಗೆ ಹೊಳೆದೇ ಇಲ್ಲ. ಹೊಳೆಯೋಕೆ ಅವಳು ಹುಟ್ಟಿದ ಮನೆಯಲ್ಲಿ ಯಾರೂ ಯಾವತ್ತೂ ಜಾತಿ ಕಾರಣಕ್ಕೆ ಮನೆ ಖಾಲಿ ಮಾಡಿದವರಲ್ಲ.

ಅವನ ಕಡೆಯಿಂದಲೂ ಇಂಥದೇ ಒಂದು ತಪ್ಪಾಗಿದೆ. ಗೌರಿ ಹಬ್ಬದ ದಿನ ಅವಳ ಚಿಕ್ಕಪ್ಪನ ಮಗಳು ಹಬ್ಬದ ಫೋಟೊ ಹಾಕಿದ್ದನ್ನು ನೋಡಿ ಹುಡುಗಿ ಅತ್ತಿದ್ದಾಳೆ. ಅವಳಮ್ಮ ಆ ಫೋಟೊದಲ್ಲಿ ಬಡವಾಗಿದ್ದರಂತೆ. ಇವನಿಗೆ ಅದು ಪಶ್ಚಾತ್ತಾಪದಂಗೆ ಕಂಡಿದೆ. ಯಾಕೆ? ಸಿನಿಮಾದ ಶ್ರೀಮಂತರ ಮನೆ ಹುಡುಗಿ ಎಲ್ಲ ಬಿಟ್ಟು ಬಂದ ಮಾರನೇ ದಿನವೇ ಬಡವನ ಮನೆಯಲ್ಲಿ ನಗ್ತಾ ರೊಟ್ಟಿ ಸುಡ್ತಾಳೆ, ಸುಟ್ಟ ರೊಟ್ಟಿ ತಿಂದು ಗಂಡ ನಗ್ತಾನೆ, ಒಂದು ಹಾಡಿನೊಳಗೆ ಅವಳು ಹೊಸ ಮನೆಗೆ ಹೊಂದಿಕೊಂಡಿರ್ತಾಳೆ. ನಿಜವಾಗಿ ತಾಯಿ ಬಿಟ್ಟುಬಂದವಳಿಗೆ ಆ ಹಾಡಿನಷ್ಟು ಹೊತ್ತು ಎಲ್ಲಿ ಸಾಲುತ್ತೆ? ವರ್ಷಗಟ್ಟಲೆ ಬೇಕು. ಅಮ್ಮನನ್ನು ನೆನೆದು ಅಳೋದು ಗಂಡನನ್ನು ಬೇಡ ಅನ್ನೋದಲ್ಲ.

ಇದನ್ನು ತೋರಿಸಿದ ಸಿನಿಮಾ ಇಲ್ಲ ಅಂತಲ್ಲ. ನಾಗರಾಜ ಮಂಜುಳೆ 2016ರಲ್ಲಿ ‘ಸೈರಾಟ್’ ಮಾಡಿದರು. ನಮ್ಮ ಹುಡುಗ್ರೆಲ್ಲ ನೋಡಿದ್ದಾರೆ. ಆದರೆ ಏನನ್ನು ನೋಡಿದ್ದಾರೆ? ಮೊದಲ ಅರ್ಧ, ಬಾವಿ, ಕಬ್ಬಿನ ಗದ್ದೆ, ಕುಣಿಯೋ ಹಾಡು. ಆಮೇಲೆ ಕೊನೆಯ ಆ ಎರಡು ನಿಮಿಷ. ನಡುವೆ ಹೈದರಾಬಾದಿನ ಭಾಗ ಇದೆಯಲ್ಲ, ಅದು ಬೋರು ಅಂತ ನನ್ನ ಮುಂದೆಯೇ ಎಷ್ಟೋ ಜನ ಅಂದಿದ್ದಾರೆ. ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಇರೋದು ಅಲ್ಲಿ. ಜಮೀನ್ದಾರರ ಮಗಳು ಆರ್ಚಿ ಕೊಳೆಗೇರಿಯ ಶೆಡ್ಡಿನಲ್ಲಿ ಮೂಗು ಮುಚ್ಚಿಕೊಳ್ತಾಳೆ, ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾಳೆ, ತಾಯಿಗಾಗಿ ಅಳ್ತಾಳೆ. ನಾವು ಪ್ರೀತಿಸಿದ ಪರಶ್ಯಾ ಅನುಮಾನಪಡ್ತಾನೆ, ಅವಳ ಮೇಲೆ ಕೈ ಮಾಡ್ತಾನೆ. ಅವಳು ಬಿಟ್ಟು ಹೊರಡ್ತಾಳೆ, ತಿರುಗಿ ಬರ್ತಾಳೆ. ಹೊರಗಿನ ಜಾತಿ ಎಷ್ಟು ಕ್ರೂರವೋ ಒಳಗಿನ ಗಂಡಸುತನವೂ ಅಷ್ಟೇ ನಿಜ ಅಂತ ಒಬ್ಬ ದಲಿತ ನಿರ್ದೇಶಕ ನಮ್ಮ ಹುಡುಗನ ಮೇಲೇ ಕ್ಯಾಮೆರಾ ಇಟ್ಟು ತೋರಿಸಿದ. ಮರುವರ್ಷ ಅದೇ ಕತೆ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಗಿ ಬಂತು. ಆದರೂ ನಮ್ಮ ನೆನಪಲ್ಲಿ ಉಳಿದಿದ್ದು ಕುಣಿತ ಮತ್ತು ಕೊಲೆ. ಪ್ರೀತಿ ಅಂದ್ರೆ ಒಂದೋ ಕುಣಿತ, ಇಲ್ಲವೇ ಸಾವು. ನಡುವಿನ ಅಕ್ಕಿ, ಗ್ಯಾಸು, ನೀರು ನಮಗೆ ಬೋರು.

ಇನ್ನು ರೀಲ್ಸ್ ಜೋಡಿಗಳು. ಸಿನಿಮಾ ಆದ್ರೆ ನಟನೆ ಅಂತ ಒಂದು ಮೂಲೆಯಲ್ಲಾದರೂ ಗೊತ್ತಿರುತ್ತೆ. ಇವರು ನಿಜವಾದ ಗಂಡ ಹೆಂಡತಿ, ನಿಜವಾದ ಅಡುಗೆಮನೆ, ಹಂಗಾಗಿ ನಂಬಿಕೆ ಜಾಸ್ತಿ. ಆ ಹುಡುಗಿ ದಿನಾ ನೋಡೋ ಒಂದು ಜೋಡಿ ಇದೆಯಂತೆ. ಗಂಡ ಬೆಳಗ್ಗೆ ಕಾಫಿ ತಂದು ಎಬ್ಬಿಸ್ತಾನೆ, ಬಾಗಿಲು ತೆಗೆದ್ರೆ ಸರ್‌ಪ್ರೈಸ್ ಗಿಫ್ಟು, ಅವಳು ಮುನಿಸಿಕೊಂಡ್ರೆ ಮೂವತ್ತು ಸೆಕೆಂಡಲ್ಲಿ ಸಮಾಧಾನ. ನಮ್ಮ ಏರಿಯಾದ ಒಬ್ಬ ಹುಡುಗ ಇಂಥ ವಿಡಿಯೊಗಳಿಗೆ ಎಡಿಟಿಂಗ್ ಮಾಡ್ತಾನೆ. ಅವನನ್ನು ಕರ್ಕೊಂಡು ಹೋಗಿ ಆ ಹುಡುಗಿಗೆ ಹೇಳಿಸಿದೆ. ಅವನು ಹೇಳಿದ್ದು ಕೇಳಿ ನನಗೇ ಆಶ್ಚರ್ಯ.

“ಅಕ್ಕ, ಒಂದು ದಿನಕ್ಕೆ ಎಂಟು ಹತ್ತು ರೀಲ್ ತೆಗೀತೀವಿ. ಬಟ್ಟೆ ಬದಲಾಯಿಸ್ತಾರೆ, ಅಷ್ಟೇ. ತಿಂಗಳಿಗಾಗೋ ಸರಕು ಎರಡು ದಿನದಲ್ಲಿ ಮುಗೀತದೆ. ಆ ಬಾಗಿಲು ತೆಗೆದು ಬೆಚ್ಚಿ ಬೀಳ್ತಾರಲ್ಲ, ಅದಕ್ಕೆ ಮುಂಚೆ ಲೈಟ್ ಇಟ್ಟು, ಮೊಬೈಲ್ ಸ್ಟ್ಯಾಂಡ್ ನಿಲ್ಲಿಸಿರ್ತೀವಿ. ಕ್ಯಾಮೆರಾ ಅವರಿಗಿಂತ ಮುಂಚೆ ರೂಮಲ್ಲಿ ಇರ್ತದಲ್ಲ, ಅಂದ್ಮೇಲೆ ಅದು ಹೆಂಗೆ ಸರ್‌ಪ್ರೈಸ್ ಆಯ್ತದೆ? ಗಿಫ್ಟ್ ಕೊಟ್ಟಿರೋದು ಕಂಪನಿಯವರು. ಅದನ್ನ ತೋರಿಸೋದಕ್ಕೆ ದುಡ್ಡೂ ಕೊಡ್ತಾರೆ.”

ಹುಡುಗಿ ನಕ್ಕುಬಿಟ್ಟಳು. “ಇಷ್ಟು ದಿನ ನಂಗೆ ಆ ಕ್ಯಾಮೆರಾ ಕಂಡೇ ಇಲ್ವಲ್ಲ” ಅಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಇನ್‌ಫ್ಲುಯೆನ್ಸರ್‌ಗಳು ದುಡ್ಡು ತಗೊಂಡು ಹಾಕೋ ಪೋಸ್ಟಿಗೆ ಜಾಹೀರಾತು ಅಂತ ಸ್ಪಷ್ಟವಾಗಿ ಗುರುತು ಹಾಕಬೇಕು ಅಂತ ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ. ಕೆಲವರು ಹಾಕ್ತಾರೆ, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ Paid partnership ಅಂತ. ಆದರೆ ಆ ಗುರುತು ಬರೋದು ಸೋಪಿಗೆ, ಸೀರೆಗೆ. ಅದರ ಜೊತೆ ತೋರಿಸಿದ ಪ್ರೀತಿಯೂ ಅದೇ ಕೆಲಸದ ಭಾಗ ಅಂತ ಯಾವ ಗುರುತೂ ಹೇಳಲ್ಲ. ಅವರು ಮೋಸಗಾರರು ಅಂತ ನಾನು ಹೇಳ್ತಿಲ್ಲ, ಅದು ಅವರ ದುಡಿಮೆ. ನಾನು ಆಫೀಸಲ್ಲಿ ಫೈಲ್ ನೋಡ್ತೀನಿ, ಅವರು ಪ್ರೀತಿ ಮಾಡಿ ತೋರಿಸ್ತಾರೆ. ಅವರ ಡ್ಯೂಟಿಯನ್ನು ನೋಡಿ ನಮ್ಮ ಮನೆಯ ಸಂಜೆಯನ್ನು ಅಳೆಯೋದು ಮಾತ್ರ ದಡ್ಡತನ.

ಗುಮಾಸ್ತನ ಬುದ್ಧಿ ನೋಡಿ, ಮಾತು ಮುಗಿಸಿ ಒಂದು ಹಾಳೆ ಪೆನ್ನು ತಗೊಂಡೆ. ಇಬ್ಬರ ಲೆಕ್ಕ ಬರೆಸಿದೆ. ಅವನ ಸಂಬಳ ಕೈಗೆ 17,000, ಅವಳದು 14,000. ಒಟ್ಟು 31,000. ಬಾಡಿಗೆ 8,000. ಅಡ್ವಾನ್ಸಿಗೆ ಮಾಡಿದ ಸಾಲದ ಕಂತು 4,200. ಬೈಕಿನ ಕಂತು 3,100. ಅವನ ತಾಯಿಗೆ ಕಳಿಸೋದು 3,000. ಅವಳ ಫೋನಿನ ಕಂತು 2,400. ದಿನಸಿ, ತರಕಾರಿ, ಗ್ಯಾಸು 6,500. ಪೆಟ್ರೋಲು, ಬಸ್ಸು 2,200. ಕೂಡಿಸಿದ್ರೆ 29,400. ಉಳಿಯೋದು 1,600 ರೂಪಾಯಿ. ಒಂದು ಸಲ ಜ್ವರ ಬಂದ್ರೆ ಅದೂ ಇಲ್ಲ. ಇಂಥದ್ರಲ್ಲಿ ಅವಳ ಹುಟ್ಟಿದಹಬ್ಬಕ್ಕೆ ಬಲೂನು, ಕೇಕು, ಹೋಟೆಲು ಅಂತ 4,800 ಖರ್ಚು ಮಾಡಿದ್ದಾನೆ, ಅದೂ ಕೈಸಾಲ ತಂದು. ಮೂರು ತಿಂಗಳ ಉಳಿತಾಯ ಒಂದು ಸಂಜೆಗೆ. ಅವಳಿಗೆ ಸಾಲದ ವಿಷಯ ಹೇಳಿಲ್ಲ, ಯಾಕಂದ್ರೆ ಸರ್‌ಪ್ರೈಸ್ ಕೊಡೋನು ಲೆಕ್ಕ ಹೇಳಬಾರದಲ್ಲ. ಆಮೇಲೆ ಎರಡು ತಿಂಗಳು ಅವನು ಸಿಡಿಸಿಡಿ ಅನ್ನುತ್ತಿದ್ದದ್ದು ಯಾಕೆ ಅಂತ ಆ ಹಾಳೆ ನೋಡಿದ ದಿನವೇ ಅವಳಿಗೆ ತಿಳಿದಿದ್ದು. “ನಾನು ಕೇಳಿದ್ದು ಬಲೂನಲ್ಲ, ಭಾನುವಾರ ಮನೇಲಿರು ಅಂತ” ಅಂದಳು. ಅವನು ಭಾನುವಾರ ಓಟಿ ಮಾಡ್ತಿದ್ದ, ಆ ಕೈಸಾಲ ತೀರಿಸೋಕೆ.

ಇಷ್ಟೂ ಹೇಳಿ ನನ್ನ ತಪ್ಪು ಹೇಳದೇ ಇದ್ರೆ ಸರಿಹೋಗಲ್ಲ.

ಅವರ ಮದುವೆ ದಿನ ಫೋಟೊ ಹಾಕಿದ್ದು ನಾನು. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ. ಅರ್ಜಿ ಕೊಟ್ಟ ಮೇಲೆ ನೋಟಿಸ್ ಅಂಟಿಸಿ 30 ದಿನ ಕಾಯಬೇಕು. ಹುಡುಗಿಯ ಕಾಯಂ ವಿಳಾಸ ಬೇರೆ ಜಿಲ್ಲೆ ಆದ್ದರಿಂದ ನೋಟಿಸಿನ ಪ್ರತಿ ಅಲ್ಲಿನ ಕಚೇರಿಗೂ ಹೋಗುತ್ತೆ, ಅಲ್ಲಿನ ಬೋರ್ಡಿನಲ್ಲೂ ಅಂಟಿಸ್ತಾರೆ. ಸಿನಿಮಾದಲ್ಲಿ ಓಡಿಬಂದವರಿಗೆ ಬೆಟ್ಟದ ದೇವಸ್ಥಾನದಲ್ಲಿ ಐದು ನಿಮಿಷಕ್ಕೆ ತಾಳಿ. ಇವರಿಗೆ ಮೂವತ್ತು ರಾತ್ರಿ, ಯಾವನಾದ್ರೂ ಆ ಬೋರ್ಡು ಓದಿದ್ರೆ ಅನ್ನೋ ಹೆದರಿಕೆ. ಒಂದು ವಾರ ಹುಡುಗಿ ನಮ್ಮ ಮನೆಯಲ್ಲೇ ಇದ್ದಳು, ಲೈಟ್ ಹಾಕದೆ ಮಲಗ್ತಿದ್ದಳು. ಅಷ್ಟೆಲ್ಲ ದಾಟಿ ಮೂವತ್ತೊಂದನೇ ದಿನ ಆಫೀಸ್ ಮೆಟ್ಟಿಲ ಮೇಲೆ ನಿಂತಾಗ ನಾನು ಫೋಟೊ ತೆಗೆದು, ‘ಜಾತಿ ವಿನಾಶದ ದಾರಿ ಇದೇ’ ಅಂತ ಬರೆದು ಹಾಕಿದೆ. ನಿಮ್ಮಲ್ಲಿ ಬಹಳ ಜನ ಲೈಕ್ ಒತ್ತಿದ್ದೀರಿ. ಸಾವಿರದ ನೂರು ದಾಟಿತ್ತು. ಅಷ್ಟು ಲೈಕ್ ನನಗೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ.

ಎರಡು ತಿಂಗಳಾದ ಮೇಲೆ ಹುಡುಗ ಫೋನ್ ಮಾಡಿ, “ಅಣ್ಣ, ಆ ಪೋಸ್ಟ್ ತೆಗೀತೀರಾ” ಅಂದ. ನಾನು ತೆಗೆದೆ. ಆದರೆ ಮನಸ್ಸಲ್ಲಿ, ಇವನೂ ಸಡಿಲವಾದ ಅಂದುಕೊಂಡೆ. ಮನೆ ಹುಡುಕುತ್ತಿದ್ದಾನೆ ಅನ್ನೋದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ಮೊನ್ನೆ ಟೀ ಅಂಗಡಿಯಲ್ಲಿ ಅವನು ಇನ್ನೊಂದು ಹೇಳಿದ. “ನೀವೆಲ್ಲ ಆದರ್ಶ ಜೋಡಿ ಅಂತ ಬರೆದ್ರಿ. ಆಮೇಲೆ ನಾವು ಜಗಳ ಆಡ್ತೀವಿ ಅಂತ ಯಾರ ಹತ್ರ ಹೇಳೋದು? ನಾವು ಬೇರೆಯಾದ್ರೆ ಚಳವಳಿಗೇ ಅವಮಾನ ಅಂತೀರಿ.” ರೀಲ್ಸ್ ಜೋಡಿ ಸೋಪು ಮಾರುತ್ತೆ ಅಂತ ಬೈಯೋ ನಾನು ಈ ಜೋಡಿಯನ್ನಿಟ್ಟುಕೊಂಡು ನನ್ನ ಸಿದ್ಧಾಂತ ಮಾರಿದ್ದೆ. ಹೆಚ್ಚುಕಮ್ಮಿ ಒಂದೇ ಅಂಗಡಿ.

ನಮ್ಮ ಬಳಗದಲ್ಲಿ ಇದು ನನ್ನೊಬ್ಬನ ರೋಗವಲ್ಲ. ಮೇ 27, ರಮಾಯಿಯವರು ತೀರಿಕೊಂಡ ದಿನ ಬಂದ್ರೆ ಎಷ್ಟು ರೀಲ್ಸ್ ಬರುತ್ತೆ ನೋಡಿ. ಹಿಂದೆ ಕೊಳಲು, ಮೇಲೆ ಬಣ್ಣದ ಅಕ್ಷರ, ‘ಇಂಥ ಹೆಂಡತಿ ಸಿಕ್ಕಿದ್ರೆ ಯಾರು ಬೇಕಾದ್ರೂ ಅಂಬೇಡ್ಕರ್ ಆಗಬಹುದು’ ಅನ್ನೋ ಧಾಟಿ. ಹೆಂಡತಿ ಹಸಿದಿದ್ದದ್ದು, ಮಕ್ಕಳನ್ನು ಮಣ್ಣು ಮಾಡಿದ್ದು ಎಲ್ಲ ನಮ್ಮ ಗಂಡಸರಿಗೆ ಆದರ್ಶ ದಾಂಪತ್ಯ ಆಗಿಬಿಟ್ಟಿದೆ. ಬಾಬಾಸಾಹೇಬರು ಹಾಗೆ ನೋಡಲಿಲ್ಲ. ಪಾಕಿಸ್ತಾನದ ಬಗ್ಗೆ ಬರೆದ ಪುಸ್ತಕವನ್ನು ರಮಾಯಿಗೆ ಅರ್ಪಿಸುವಾಗ ಅವರು ನೆನೆದಿದ್ದು ತಮ್ಮ ಜೊತೆ ಕಷ್ಟಪಟ್ಟ ಒಬ್ಬ ಮನುಷ್ಯಳ ಗುಣವನ್ನು, ದಿಕ್ಕಿಲ್ಲದ ಆ ಬಡತನದ ದಿನಗಳನ್ನು. ಅದರಲ್ಲಿ ಕೃತಜ್ಞತೆ ಇದೆ, ನೋವೂ ಇದೆ. ನಾವು ನೋವನ್ನು ಒರೆಸಿ ಕೊಳಲು ಹಾಕಿದ್ದೀವಿ.

ಸಾವಿತ್ರಿಬಾಯಿ ಜೋತಿಬಾಗೆ ಬರೆದ ಮೂರು ಕಾಗದಗಳು ನಮಗೆ ಸಿಕ್ಕಿವೆ. ಪ್ರೇಮಪತ್ರ ಅಂತ ಹುಡುಕಿಕೊಂಡು ಹೋದವರಿಗೆ ನಿರಾಶೆ ಖಂಡಿತ. 1868ರ ಕಾಗದದಲ್ಲಿ ಏನಿದೆ ಗೊತ್ತಾ? ಗಣೇಶ ಅನ್ನೋ ಬ್ರಾಹ್ಮಣ ಹುಡುಗ, ಸಾರ್ಜಾ ಅನ್ನೋ ಮಹಾರ್ ಹುಡುಗಿ, ಅವಳು ಬಸುರಿ. ಊರವರು ಇಬ್ಬರನ್ನೂ ಬೀದಿಯಲ್ಲಿ ಎಳೆದಾಡಿ ಕೊಲ್ಲೋಕೆ ಹೊರಟಿದ್ದಾರೆ. ಸಾವಿತ್ರಿಬಾಯಿ ಓಡಿಹೋಗಿ, ಬ್ರಿಟಿಷ್ ಕಾನೂನಿನ ಹೆಸರು ಹೇಳಿ ಹೆದರಿಸಿ ಬಿಡಿಸಿದ್ದಾರೆ, ಆಮೇಲೆ ಆ ಜೋಡಿಯನ್ನು ಜೋತಿಬಾ ಹತ್ರ ಕಳಿಸಿದ್ದಾರೆ. ಗಂಡನಿಗೆ ಹೆಂಡತಿ ಬರೆದ ಕಾಗದ ಅದು. ಇವರನ್ನ ಕಳಿಸ್ತಿದ್ದೀನಿ, ನೀವು ನೋಡಿಕೊಳ್ತೀರಿ ಅನ್ನೋ ನಂಬಿಕೆಯೇ ಅದರಲ್ಲಿರೋ ಪ್ರೀತಿ. ಸಾವಿತ್ರಿಬಾಯಿ ಆ ಇಬ್ಬರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೈಮುಗಿಯಲಿಲ್ಲ, ಹೋಗೋಕೆ ಒಂದು ಮನೆ ತೋರಿಸಿದರು.

ನಾವು ಬಿಟ್ಟಿರೋದು ಅದನ್ನೇ. ಜಾತಿಯೊಳಗೆ ಮದುವೆಯಾದ ಹುಡುಗಿ ಗಂಡನ ಜೊತೆ ಜಗಳ ಆದ್ರೆ ನಾಲ್ಕು ದಿನ ತವರಿಗೆ ಹೋಗ್ತಾಳೆ. ಅಮ್ಮನ ಕೈ ಊಟ ಮಾಡಿ, ಗಂಡನನ್ನು ಬೈದು, ಅಣ್ಣನ ಜೊತೆ ವಾಪಸ್ ಬರ್ತಾಳೆ. ಅರ್ಧ ಜಗಳ ಅಲ್ಲೇ ಕರಗುತ್ತೆ. ಇವಳಿಗೆ ತವರಿನ ಬಾಗಿಲು ಮುಚ್ಚಿದೆ. ಸಿಟ್ಟು ಬಂದ್ರೆ ಹೋಗೋಕೆ ಜಾಗವಿಲ್ಲದೆ ಅದೇ ಒಂದು ರೂಮಿನಲ್ಲಿ ಕೂತು ಮೊಬೈಲ್ ನೋಡ್ತಾಳೆ. ಮೊಬೈಲಿನಲ್ಲಿ ಕಾಫಿ ತಂದು ಎಬ್ಬಿಸೋ ಗಂಡ. ಎದುರಿಗೆ ಓಟಿ ಮುಗಿಸಿ ಗ್ರೀಸ್ ವಾಸನೆಯಲ್ಲಿ ಬಂದು ಮಲಗಿದ ಗಂಡ. ಜಗಳ ಇನ್ನೆಲ್ಲಿ ಕರಗಬೇಕು?

ಅವತ್ತು ಸಂಜೆ ನನ್ನ ಹೆಂಡತಿ ಅವಳಿಗೆ, “ನಾಲ್ಕು ದಿನ ಬಾ ನಮ್ಮನೆಗೆ” ಅಂದಳು. ಬಂದಳು. ಮೂರನೇ ದಿನ ಹುಡುಗ ಬಾಳೆಹಣ್ಣು ಹಿಡ್ಕೊಂಡು ಬಂದ, ಅಳಿಯ ಬಂದಂಗೆ. ಊಟ ಹಾಕಿದೆವು. ಊಟದ ಮಧ್ಯೆ ಅವನು ಅವಳಿಗೆ ಓನರ್ ವಿಷಯ, ಭಯದ ವಿಷಯ ಎಲ್ಲ ಹೇಳಿದ. ನಾನು ಎದ್ದು ಹೊರಗೆ ಹೋದೆ. ರಾತ್ರಿ ನನ್ನ ಹೆಂಡತಿ, “ಅವರ ಫೋಟೊ ಹಾಕಿ ಸಾವಿರ ಲೈಕ್ ತಗೊಂಡ್ರಲ್ಲ, ಇಪ್ಪತ್ತು ವರ್ಷದಲ್ಲಿ ನಿಮಗೆ ಯಾವತ್ತಾದ್ರೂ ಭಯ ಆಗಿದ್ದು ನನ್ನ ಹತ್ರ ಹೇಳಿದ್ದೀರಾ?” ಅಂದಳು. ಆ ವಿಷಯ ಇಲ್ಲಿ ಬೇಡ, ಅದು ನಮ್ಮಿಬ್ಬರದು.

ಈಗ ಅವರಿಬ್ಬರೂ ಸೇರಿ ತೀರ್ಮಾನ ಮಾಡಿದ್ದಾರೆ, ಜಾತಿ ಹೇಳಿಯೇ ಮನೆ ಹಿಡೀತೀವಿ ಅಂತ. ಇದು ಹುಡುಗಿಯ ಮಾತು, “ಗೋಡೆ ಮೇಲೆ ನಮ್ಮ ಮದುವೆ ಫೋಟೊ ಹಾಕೋಕಾಗದ ಮನೆ ಯಾಕೆ?” ಅಂದಳಂತೆ. ಮೂರು ವಾರದಲ್ಲಿ ಐದು ಮನೆ ನೋಡಿದ್ದೀವಿ. ಎರಡು ಕಡೆ ಬಾಡಿಗೆ ಜಾಸ್ತಿ. ಮೂರು ಕಡೆ ಎಲ್ಲ ಮಾತಾಗಿ, ವಿಷಯ ಹೇಳಿದ ಮೇಲೆ “ಮನೆಯವರನ್ನ ಕೇಳಿ ಹೇಳ್ತೀವಿ” ಅಂದವರು ಆಮೇಲೆ ಫೋನ್ ಎತ್ತಿಲ್ಲ.

ಮೈಸೂರಿನಲ್ಲಿ ಯಾರಿಗಾದ್ರೂ ಮನೆ ಗೊತ್ತಿದ್ರೆ ಇನ್‌ಬಾಕ್ಸಿಗೆ ತಿಳಿಸಿ. ಒಂದು ರೂಮು, ಅಡುಗೆಮನೆ, ನೀರಿನ ಸೌಕರ್ಯ ಸಾಕು. ಬಾಡಿಗೆ 9,000 ತನಕ, ಅಡ್ವಾನ್ಸ್ 60,000 ಮೀರಬಾರದು. ಓನರಿಗೆ ಮೊದಲೇ ಎಲ್ಲ ಹೇಳಿ, ಅವರು ಆಯ್ತು ಅಂದಮೇಲೆ ನನಗೆ ನಂಬರ್ ಕೊಡಿ.